ಮುಖ್ಯ ಅತಿಥಿಗಳ ಹೆಸರು ಹೇಳುವ ಮುನ್ನ

ಕರಾವಳಿಯ ಆಮಂತ್ರಣ ಪತ್ರಿಕೆಗಳನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ: ಮುಖ್ಯ ಅತಿಥಿಗಳ ಸಾಲಿನಲ್ಲಿ ಹೆಸರಿಗಿಂತ ಹೆಸರಿಗೆ ಮೊದಲು ಬರುವ ಭಾಗವೇ ಉದ್ದವಾಗಿರುತ್ತದೆ. ಅದರಲ್ಲಿ ಅರ್ಧ ಸಂಕ್ಷೇಪಾಕ್ಷರಗಳು, ಅವುಗಳ ಪಕ್ಕದಲ್ಲಿ ನಮ್ಮ ಕಡೆಯ ಮುದ್ರಣಾಲಯಗಳ ಪದ್ಧತಿಯಂತೆ ಒಂದೊಂದು ನೆಟ್ಟಗೆರೆ. ಡಾ|, ಪ್ರೊ|, ವೇ| ಮೂ|, ಬ್ರ| ಶ್ರೀ|, ಅ| ವಂ|, ರೊ|. ಕಣ್ಣಿಗೆ ಇದು ತೊಂದರೆ ಕೊಡುವುದಿಲ್ಲ. ಪತ್ರಿಕೆಯನ್ನು ಕೈಯಲ್ಲಿ ಹಿಡಿದವರು ಹೆಸರನ್ನು ಹುಡುಕಿಕೊಂಡು ಉಳಿದದ್ದನ್ನು ದಾಟಿ ಹೋಗುತ್ತಾರೆ. ಆದರೆ ಧ್ವನಿವರ್ಧಕದ ಮುಂದೆ ನಿಂತ ನಿರೂಪಕನಿಗೆ ದಾಟಿ ಹೋಗುವ ಸೌಲಭ್ಯವಿಲ್ಲ. ಪ್ರತಿಯೊಂದು ಅಕ್ಷರವನ್ನೂ ಬಿಡಿಸಿ, ಸರಿಯಾದ ಕ್ರಮದಲ್ಲಿಟ್ಟು, ಒಂದೇ ಉಸಿರಿನಲ್ಲಿ ಅಲ್ಲದಿದ್ದರೂ ಒಂದೇ ಮಾತಿನಲ್ಲಿ ಹೇಳಬೇಕು; ಹೇಳುವಾಗ ಆ ಹೆಸರಿನ ಒಡೆಯರು ಎರಡು ಮಾರು ದೂರದ ಕುರ್ಚಿಯಲ್ಲಿ ಕುಳಿತು ಕೇಳುತ್ತಿರುತ್ತಾರೆ.

ಉಡುಪಿ ಮತ್ತು ಮಂಗಳೂರಿನ ನಡುವಣ ಊರುಗಳಲ್ಲಿ ಅನೇಕ ವರ್ಷಗಳಿಂದ ನಾನು ಕಾರ್ಯಕ್ರಮ ನಿರೂಪಣೆ ಮಾಡುತ್ತಿದ್ದೇನೆ. ವೃತ್ತಿಯಿಂದಲ್ಲ, ಕರೆದವರ ಒತ್ತಾಯದಿಂದ. ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆ, ಯಕ್ಷಗಾನ ಸಂಘದ ದಶಮಾನೋತ್ಸವ, ಸಹಕಾರಿ ಸಂಘದ ಹೊಸ ಕಟ್ಟಡದ ಉದ್ಘಾಟನೆ, ಪುಸ್ತಕ ಬಿಡುಗಡೆ, ಎಲ್ಲ ಕಡೆಯೂ ಕೆಲಸದ ಬಹುಪಾಲು ಸಭೆಗೆ ಮೊದಲೇ ಮುಗಿದಿರಬೇಕು ಎಂಬುದು ನನ್ನ ಅನುಭವ. ಆ ಕೆಲಸದಲ್ಲಿಯೂ ಅತಿ ಸೂಕ್ಷ್ಮವಾದದ್ದು ಮುಖ್ಯ ಅತಿಥಿಗಳ ಪರಿಚಯ. ಅದನ್ನು ನಾನು ಹೇಗೆ ಸಿದ್ಧಪಡಿಸಿಕೊಳ್ಳುತ್ತೇನೆ, ಯಾವುದನ್ನು ಹೆಸರಿಗೆ ಅಂಟಿಸುತ್ತೇನೆ, ಯಾವುದನ್ನು ವಾಕ್ಯಕ್ಕೆ ಬಿಡುತ್ತೇನೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಹೆಸರು. ತುಳುನಾಡಿನ ಹೆಸರುಗಳಿಗೆ ಒಂದು ವಿಶೇಷ ರಚನೆಯಿದೆ. ಊರಿನ ಅಥವಾ ಮನೆಯ ಹೆಸರು ಮೊದಲಿಗೆ, ವ್ಯಕ್ತಿಯ ಹೆಸರು ನಡುವೆ, ಕುಲನಾಮ ಕೊನೆಗೆ. ಕೋಟ ಶಿವರಾಮ ಕಾರಂತ, ಮಂಜೇಶ್ವರ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ, ಸೇಡಿಯಾಪು ಕೃಷ್ಣ ಭಟ್ಟ, ಕಡೆಂಗೋಡ್ಲು ಶಂಕರ ಭಟ್ಟ: ಎಲ್ಲವೂ ಇದೇ ಅಚ್ಚಿನವು. ಇಂತಹ ಹೆಸರನ್ನು ಹೇಳುವಾಗ ಎಲ್ಲಿ ನಿಲ್ಲಿಸಬೇಕು ಎಂಬುದು ಉಚ್ಚಾರದಷ್ಟೇ ಮುಖ್ಯ. ಊರಿನ ಹೆಸರಾದ ಮೇಲೆ ಒಂದು ಸಣ್ಣ ತಡೆ ಬೇಕು. ವ್ಯಕ್ತಿಯ ಹೆಸರಿಗೂ ಕುಲನಾಮಕ್ಕೂ ನಡುವೆ ತಡೆ ಬೇಡ. ‘ಕಯ್ಯಾರ, ಕಿಞ್ಞಣ್ಣ ರೈ’ ಎಂದರೆ ಸರಿ. ‘ಕಯ್ಯಾರ ಕಿಞ್ಞಣ್ಣ, ರೈ’ ಎಂದರೆ ಸಭೆಗೆ ಇಬ್ಬರು ಬಂದಂತೆ ಕೇಳಿಸುತ್ತದೆ. ನನ್ನ ಚೀಟಿಯಲ್ಲಿ ಇಂತಹ ಕಡೆ ಪೆನ್ಸಿಲಿನಲ್ಲಿ ಒಂದು ಓರೆಗೆರೆ ಹಾಕಿಕೊಳ್ಳುತ್ತೇನೆ. ನೆಟ್ಟಗೆರೆ ಹಾಕುವುದಿಲ್ಲ, ಏಕೆಂದರೆ ಆ ಗೆರೆಗೆ ನಮ್ಮಲ್ಲಿ ಸಂಕ್ಷೇಪದ ಅರ್ಥ ಬಂದುಬಿಟ್ಟಿದೆ.

ಇದೇ ಹೆಸರಿನಲ್ಲಿರುವ ಞ್ಞ ಎಂಬ ಒತ್ತಕ್ಷರವನ್ನು ಘಟ್ಟದ ಮೇಲಿನ ನಿರೂಪಕರು ಬಂದಾಗ ಬಗೆಬಗೆಯಾಗಿ ಓದುವುದನ್ನು ಕೇಳಿದ್ದೇನೆ. ‘ಕಿನ್ಯಣ್ಣ’ ಎನ್ನುವವರಿದ್ದಾರೆ, ಜ್ಞ ಎಂದು ಭ್ರಮಿಸಿ ‘ಕಿಗ್ನ್ಯಣ್ಣ’ ಎನ್ನುವವರೂ ಇದ್ದಾರೆ. ಅದು ಎರಡೂ ಅಲ್ಲ. ನಾಲಗೆಯ ನಡುಭಾಗವನ್ನು ಅಂಗುಳಕ್ಕೆ ಒತ್ತಿ, ಮೂಗಿನಿಂದ ಧ್ವನಿಯನ್ನು ಬಿಟ್ಟು, ಒಂದು ಕ್ಷಣ ಹಿಡಿದು ಬಿಡಬೇಕು. ತುಳು, ಮಲಯಾಳಂ ಮಾತನಾಡುವವರಿಗೆ ಅದು ಸಹಜ. ಬೇರೆಯವರು ಒಬ್ಬ ಸ್ಥಳೀಯರ ಬಾಯಿಂದ ಕೇಳಿಯೇ ಕಲಿಯಬೇಕು.

ಅತಿಥಿಗಳ ಸ್ವಪರಿಚಯ ಈಗ ಹೆಚ್ಚಾಗಿ ವಾಟ್ಸಾಪಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತದೆ. ಅದರಿಂದ ಹುಟ್ಟುವ ತಪ್ಪುಗಳಿಗೆ ಒಂದು ನಿಶ್ಚಿತ ಸ್ವರೂಪವಿದೆ. ಇಂಗ್ಲಿಷ್ ಲಿಪಿ ಲ ಮತ್ತು ಳ ಎರಡಕ್ಕೂ ಒಂದೇ ಅಕ್ಷರವನ್ನು ಬಳಸುತ್ತದೆ, ನ ಮತ್ತು ಣ ಎರಡಕ್ಕೂ ಒಂದೇ ಅಕ್ಷರ, ದೀರ್ಘವನ್ನಂತೂ ಬಹುತೇಕ ತೋರಿಸುವುದೇ ಇಲ್ಲ. ನಮ್ಮ ಊರುಗಳ ಹೆಸರುಗಳಲ್ಲೋ ಳ ತುಂಬಿಕೊಂಡಿದೆ: ಪೊಳಲಿ, ನಂದಳಿಕೆ, ಐಕಳ, ಬೋಳ, ಕಾರ್ಕಳ, ಕಿನ್ನಿಗೋಳಿ. ಪೊಳಲಿಯಲ್ಲಿ ಒಂದು ಳ ಮತ್ತು ಒಂದು ಲ ಅಕ್ಕಪಕ್ಕದಲ್ಲೇ ಇವೆ. ಕುಲನಾಮಗಳಲ್ಲಿಯೂ ಹಾಗೆಯೇ: ಆಳ್ವ, ಬಲ್ಲಾಳ, ಐತಾಳ. ಆದ್ದರಿಂದ ಇಂಗ್ಲಿಷಿನಲ್ಲಿ ಬಂದ ಪರಿಚಯವನ್ನು ನಾನು ಮೊದಲು ಕನ್ನಡದಲ್ಲಿ ಕೈಯಾರೆ ಬರೆದುಕೊಳ್ಳುತ್ತೇನೆ. ಬರೆಯುವಾಗ ಎಲ್ಲಿ ಪೆನ್ನು ತಡವರಿಸುತ್ತದೆಯೋ ಅಲ್ಲಿಯೇ ಕೇಳಬೇಕಾದ ಪ್ರಶ್ನೆ ಇರುತ್ತದೆ. ಟೈಪಿಸಿದರೆ ಈ ತಡವರಿಕೆ ಗೊತ್ತಾಗದು, ಯಂತ್ರವೇ ಯಾವುದೋ ಒಂದು ಅಕ್ಷರವನ್ನು ಸೂಚಿಸಿ ನಮ್ಮನ್ನು ಮುಂದಕ್ಕೆ ದೂಡುತ್ತದೆ.

ಕ್ರೈಸ್ತ ಬಾಂಧವರ ಹೆಸರುಗಳಲ್ಲಿ ಕಷ್ಟ ಬೇರೆ ಬಗೆಯದು. ಪೋರ್ಚುಗೀಸ್ ಮೂಲದ ಕುಲನಾಮಗಳನ್ನು ಒಂದೊಂದು ಕುಟುಂಬ ಒಂದೊಂದು ರೀತಿಯಲ್ಲಿ ಬರೆಯುತ್ತದೆ, ಒಂದೊಂದು ರೀತಿಯಲ್ಲಿ ಹೇಳುತ್ತದೆ. ಡಿಸೋಜ ಎಂದು ಹ್ರಸ್ವವಾಗಿ ಮುಗಿಸುವವರೂ ಇದ್ದಾರೆ, ಡಿಸೋಜಾ ಎಂದು ಎಳೆಯುವವರೂ ಇದ್ದಾರೆ. ಸಲ್ದಾನ್ಹಾ, ಮಸ್ಕರೇನ್ಹಸ್ ಮುಂತಾದವುಗಳಲ್ಲಿರುವ ನ್ಹ ಎಂಬುದು ಪೋರ್ಚುಗೀಸಿನಲ್ಲಿ ನಮ್ಮ ಞ ಧ್ವನಿಯೇ. ಕೆಲವರು ಅದನ್ನು ಹಾಗೆ ಉಳಿಸಿಕೊಂಡಿದ್ದಾರೆ, ಕೆಲವರು ಹಕಾರವನ್ನು ಒತ್ತಿ ಹೇಳುತ್ತಾರೆ. ಇಲ್ಲಿ ಸರಿ ಯಾವುದು ಎಂದು ವ್ಯಾಕರಣವನ್ನು ಕೇಳಬಾರದು, ಹೆಸರಿನವರನ್ನು ಕೇಳಬೇಕು. ಭಟ್ಟ ಮತ್ತು ಭಟ್, ಹೆಗ್ಗಡೆ ಮತ್ತು ಹೆಗ್ಡೆ ಎಂಬಲ್ಲಿಯೂ ನಿಯಮ ಅದೇ. ಧರ್ಮಸ್ಥಳದಲ್ಲಿ ಹೆಗ್ಗಡೆ ಎಂಬುದು ಪೀಠದೊಂದಿಗೆ ಬಂದ ಹೆಸರು. ಅಲ್ಲಿ ಅದನ್ನು ಹೆಗ್ಡೆ ಎಂದು ಮೊಟಕುಗೊಳಿಸಿದರೆ ಸಭೆಯ ಹಿಂದಿನ ಸಾಲಿನವರೂ ತಲೆಯೆತ್ತಿ ನೋಡುತ್ತಾರೆ.

ಇನಿಷಿಯಲ್‌ಗಳನ್ನು ಬಿಡಿಸುವ ಉತ್ಸಾಹವೂ ಎಲ್ಲ ಸಂದರ್ಭದಲ್ಲಿ ಒಳ್ಳೆಯದಲ್ಲ. ಕೆಲವರ ಹೆಸರು ಇನಿಷಿಯಲ್‌ನೊಂದಿಗೇ ಲೋಕಕ್ಕೆ ಪರಿಚಿತವಾಗಿರುತ್ತದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರನ್ನು ಊರು ಕರೆದದ್ದು ‘ಕುಶಿ’ ಎಂದೇ. ಅದನ್ನು ಇಂಗ್ಲಿಷ್ ಮಾದರಿಯಲ್ಲಿ ಕೆ. ಎಸ್. ಎಂದು ಓದಿದರೂ ತಪ್ಪು, ಪೂರ್ಣವಾಗಿ ಬಿಡಿಸಿದರೂ ಕೇಳುವವರಿಗೆ ಬೇರೆ ಯಾರೋ ಎನಿಸುತ್ತದೆ.

ಇನ್ನು ಹೆಸರಿಗೆ ಮೊದಲು ಬರುವ ಉಪಾಧಿಗಳ ವಿಚಾರ. ಇಲ್ಲಿ ನಾನು ಒಂದೇ ಒಂದು ವಿಂಗಡಣೆಯನ್ನು ಪಾಲಿಸುತ್ತೇನೆ: ಹೆಸರಿಗೆ ಅಂಟಿಕೊಳ್ಳುವವು, ವಾಕ್ಯದಲ್ಲಿ ಹೇಳಬೇಕಾದವು. ಕಲಿಕೆಯಿಂದ ಬಂದ ಡಾ., ವೃತ್ತಿಯಿಂದ ಬಂದ ಪ್ರೊ., ಉಚ್ಚ ನ್ಯಾಯಾಲಯದವರಾದರೆ ನ್ಯಾಯಮೂರ್ತಿ, ಸೈನ್ಯದಲ್ಲಿದ್ದವರಿಗೆ ಅವರ ದರ್ಜೆ, ಧಾರ್ಮಿಕ ಪೀಠದವರಿಗೆ ಆ ಪರಂಪರೆಯ ಸಂಬೋಧನೆ, ಇವು ಅಂಟಿಕೊಳ್ಳುತ್ತವೆ. ಪ್ರಶಸ್ತಿ, ಪುರಸ್ಕಾರ, ಬಿರುದು, ಗೌರವ ಸದಸ್ಯತ್ವ, ಅಧ್ಯಕ್ಷತೆ, ಇವೆಲ್ಲ ವಾಕ್ಯಕ್ಕೆ ಸೇರಿದವು. ‘ರಾಜ್ಯೋತ್ಸವ ಪ್ರಶಸ್ತಿಗೆ ಪಾತ್ರರಾದವರು’ ಎಂದು ಹೇಳಬಹುದೇ ಹೊರತು ಪ್ರಶಸ್ತಿಯನ್ನು ಹೆಸರಿನ ತಲೆಯ ಮೇಲೆ ಪೇಟದಂತೆ ಇಡುವುದು ಸಲ್ಲದು.

ಇದು ನನ್ನ ಸ್ವಂತ ರುಚಿಯ ಮಾತು ಮಾತ್ರವಲ್ಲ. ನಮ್ಮ ಸಂವಿಧಾನದ 18ನೆಯ ವಿಧಿ ಸರಕಾರವು ಬಿರುದುಗಳನ್ನು ಕೊಡಬಾರದು ಎನ್ನುತ್ತದೆ. ಸೈನಿಕ ಮತ್ತು ಶೈಕ್ಷಣಿಕ ಗೌರವಗಳಿಗೆ ಮಾತ್ರ ವಿನಾಯಿತಿ. ಪದ್ಮ ಪ್ರಶಸ್ತಿಗಳು ಈ ವಿಧಿಗೆ ವಿರುದ್ಧವೆಂದು ವಾದ ಹೂಡಿದಾಗ ಸುಪ್ರೀಂ ಕೋರ್ಟು 1995ರ ಡಿಸೆಂಬರಿನಲ್ಲಿ ತೀರ್ಪು ನೀಡಿ, ಅವು ಬಿರುದುಗಳಲ್ಲ, ಆದ್ದರಿಂದ ಕೊಡುವುದಕ್ಕೆ ಅಡ್ಡಿಯಿಲ್ಲ, ಆದರೆ ಅವುಗಳನ್ನು ಹೆಸರಿನ ಹಿಂದಾಗಲಿ ಮುಂದಾಗಲಿ ಸೇರಿಸಿ ಬಳಸುವಂತಿಲ್ಲ ಎಂದಿತು. ಹಾಗೆ ಬಳಸಿದವರ ಪ್ರಶಸ್ತಿಯನ್ನು ಹಿಂಪಡೆಯುವುದಕ್ಕೂ ಅವಕಾಶವಿದೆ. ಭಾರತರತ್ನ, ಪದ್ಮವಿಭೂಷಣ, ಪದ್ಮಭೂಷಣ, ಪದ್ಮಶ್ರೀ ನಾಲ್ಕಕ್ಕೂ ಇದು ಅನ್ವಯಿಸುತ್ತದೆ. ಆದರೂ ನಮ್ಮ ಆಮಂತ್ರಣಗಳಲ್ಲಿ, ಫ್ಲೆಕ್ಸ್‌ಗಳಲ್ಲಿ ಪದ್ಮಶ್ರೀ ಎಂಬುದು ಹೆಸರಿನ ಮೊದಲ ಅಕ್ಷರವೋ ಎಂಬಂತೆ ಮುದ್ರಣವಾಗುತ್ತದೆ. ಹೆಚ್ಚಿನ ವೇಳೆ ಅದನ್ನು ಹಾಕಿದವರು ಅತಿಥಿಗಳಲ್ಲ, ಅಭಿಮಾನದಿಂದ ಸಂಘಟಕರು. ಕೆಲವು ಅತಿಥಿಗಳು ವೇದಿಕೆಯ ಮೇಲೇ ಮುಜುಗರಪಡುವುದನ್ನು ನೋಡಿದ್ದೇನೆ.

ಹರೇಕಳ ಹಾಜಬ್ಬರನ್ನು ಪರಿಚಯಿಸುವುದನ್ನು ಯೋಚಿಸಿ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ಬಂದ ಹಣವನ್ನು ಉಳಿಸಿ, ತನ್ನೂರಾದ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆಯನ್ನು ಎಬ್ಬಿಸಿ ನಿಲ್ಲಿಸಿದವರು ಅವರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಕಿತ್ತಳೆ ಮತ್ತು ಶಾಲೆ ಎಂಬ ಎರಡು ಪದಗಳನ್ನು ಹೇಳಿ, ಮೂರನೆಯದಾಗಿ ‘ಪದ್ಮಶ್ರೀ ಪುರಸ್ಕೃತರು’ ಎಂದು ವಾಕ್ಯದಲ್ಲಿ ಸೇರಿಸಿ, ಹೆಸರನ್ನು ಹೇಳಿ ನಿಲ್ಲಿಸಿದರೆ ಸಭೆ ತಾನಾಗಿ ಚಪ್ಪಾಳೆ ತಟ್ಟುತ್ತದೆ. ಪದ್ಮಶ್ರೀ ಎಂದು ಆರಂಭಿಸಿದರೆ ಚಪ್ಪಾಳೆ ಪ್ರಶಸ್ತಿಗೆ ಬೀಳುತ್ತದೆ, ಶಾಲೆಯ ಮಾತು ಆ ಸದ್ದಿನಲ್ಲಿ ಮುಳುಗುತ್ತದೆ.

‘ಡಾ.’ ಎಂಬ ಒಂದೇ ಅಕ್ಷರದ ಬಗ್ಗೆ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಅದು ವೈದ್ಯರದ್ದಾಗಿರಬಹುದು, ಪಿಎಚ್‌ಡಿಯದ್ದಾಗಿರಬಹುದು, ವಿಶ್ವವಿದ್ಯಾನಿಲಯವೊಂದರ ಗೌರವ ಡಾಕ್ಟರೇಟ್ ಆಗಿರಬಹುದು, ಅಥವಾ ಯಾವ ಮಾನ್ಯತೆಯೂ ಇಲ್ಲದ ಸಂಸ್ಥೆಯೊಂದು ಹೋಟೆಲಿನ ಸಭಾಂಗಣದಲ್ಲಿ ಶಾಲು ಹೊದೆಸಿ ಕೊಟ್ಟದ್ದೂ ಆಗಿರಬಹುದು. ನಿರೂಪಕ ನ್ಯಾಯಾಧೀಶನಲ್ಲ, ಮುದ್ರಿತವಾದದ್ದನ್ನು ವೇದಿಕೆಯಲ್ಲಿ ಕಿತ್ತುಹಾಕುವ ಅಧಿಕಾರ ಅವನಿಗಿಲ್ಲ. ಆದರೆ ಸಭೆಗೆ ಮೊದಲು ಸಂಘಟಕರನ್ನು ಕೇಳುವ ಪ್ರಶ್ನೆಯೊಂದಿದೆ: ‘ಯಾವ ವಿಷಯದಲ್ಲಿ, ಯಾವ ವಿಶ್ವವಿದ್ಯಾನಿಲಯದಿಂದ?’ ಪರಿಚಯದಲ್ಲಿ ಸೇರಿಸುವುದಕ್ಕಾಗಿ ಕೇಳುತ್ತಿದ್ದೇನೆ ಎಂದರೆ ಯಾರಿಗೂ ನೋವಾಗುವುದಿಲ್ಲ. ಉತ್ತರ ಸ್ಪಷ್ಟವಾಗಿದ್ದರೆ ಅದು ಪರಿಚಯದ ಒಳ್ಳೆಯ ವಾಕ್ಯವಾಗುತ್ತದೆ. ಉತ್ತರ ಬರದಿದ್ದರೆ ಆ ಕುರಿತು ವಾಕ್ಯವೇ ಇರುವುದಿಲ್ಲ, ಪತ್ರಿಕೆಯಲ್ಲಿ ಇದ್ದಂತೆ ಒಮ್ಮೆ ಹೇಳಿ ಮುಂದೆ ಸಾಗುತ್ತೇನೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೊಡುವ ನಾಡೋಜವನ್ನೂ ಗೌರವ ಡಾಕ್ಟರೇಟನ್ನೂ ನಾನು ವಾಕ್ಯಕ್ಕೇ ಬಿಡುತ್ತೇನೆ, ಅದರ ತೂಕ ಅಲ್ಲಿಯೇ ಚೆನ್ನಾಗಿ ತಿಳಿಯುತ್ತದೆ.

ಧಾರ್ಮಿಕ ಸಭೆಗಳಲ್ಲಿ ಕ್ರಮವೇ ಬೇರೆ. ವೇದಿಕೆಯಲ್ಲಿ ಸ್ವಾಮೀಜಿಯವರಿದ್ದರೆ ಮುಖ್ಯ ಅತಿಥಿ ಮಂತ್ರಿಗಳೇ ಆಗಿದ್ದರೂ ಮೊದಲ ಹೆಸರು ಸ್ವಾಮೀಜಿಯವರದ್ದು, ಬಳಿಕ ಸಭಾಧ್ಯಕ್ಷರು, ಅನಂತರ ಮುಖ್ಯ ಅತಿಥಿಗಳು. ಉಡುಪಿಯ ಅಷ್ಟಮಠಗಳ ಯತಿಗಳಾದರೆ ಮಠದ ಹೆಸರು, ಆಶ್ರಮನಾಮ, ಕೊನೆಗೆ ‘ಶ್ರೀಪಾದಂಗಳವರು’ ಎಂಬ ಕ್ರಮ. ಹಿರಿಯ ಶ್ರೀಪಾದರೂ ಕಿರಿಯ ಶ್ರೀಪಾದರೂ ಒಟ್ಟಿಗೆ ಬಂದಿದ್ದರೆ ಹಿರಿಯರ ಹೆಸರು ಮೊದಲು. ಇಲ್ಲಿ ಹೊರಗಿನವರು ಎಡವುವ ಒಂದು ಜಾಗವಿದೆ. ‘ಪರ್ಯಾಯ ಪೀಠಾಧೀಶರು’ ಎಂಬುದು ಶಾಶ್ವತ ಉಪಾಧಿಯಲ್ಲ. ಎಂಟು ಮಠಗಳಿಗೂ ಕೃಷ್ಣಪೂಜೆಯ ಎರಡೆರಡು ವರ್ಷದ ಸರದಿ. ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಅದು ಕೈಬದಲಾಗುತ್ತದೆ. 2024ರ ಆ ದಿನ ಪುತ್ತಿಗೆ ಮಠದ ಪರ್ಯಾಯ ಆರಂಭವಾಯಿತು. ಡಿಸೆಂಬರಿನಲ್ಲಿ ಅಚ್ಚಾದ ಆಮಂತ್ರಣದಲ್ಲಿ ‘ಭಾವೀ ಪರ್ಯಾಯ ಪೀಠಾಧೀಶರು’ ಎಂದಿದ್ದವರು ಜನವರಿ ಕೊನೆಯ ವಾರದ ಸಭೆಗೆ ಬರುವಾಗ ಭಾವಿಯಾಗಿ ಉಳಿದಿರುವುದಿಲ್ಲ. ಪರ್ಯಾಯ ಪೀಠಾಧೀಶರೆಂದು ಅಚ್ಚಾದವರು ಪೀಠದಿಂದ ಇಳಿದಿರುತ್ತಾರೆ. ಪತ್ರಿಕೆ ಸುಳ್ಳು ಹೇಳಿಲ್ಲ, ಅದು ಅಚ್ಚಾದ ದಿನದ ಸತ್ಯವನ್ನು ಹೇಳುತ್ತಿದೆ. ಓದುವವನು ಸಭೆಯ ದಿನದ ಸತ್ಯವನ್ನು ಹೇಳಬೇಕು.

ಮಂಗಳೂರಿನ ಸೌಹಾರ್ದ ಸಭೆಗಳಲ್ಲಿ ನನಗೆ ಇನ್ನೊಂದು ಕಾಟ ಇದೆ. ಧರ್ಮಸ್ಥಳದವರಾದರೆ ಧರ್ಮಾಧಿಕಾರಿ, ಕೆಥೋಲಿಕ್ ಧರ್ಮಪ್ರಾಂತ್ಯದ ಬಿಷಪರಾದರೆ ಧರ್ಮಾಧ್ಯಕ್ಷ, ದೇವಸ್ಥಾನದ ಆಡಳಿತದವರಾದರೆ ಧರ್ಮದರ್ಶಿ. ಮೂರು ಪದಗಳೂ ಒಂದೇ ರೀತಿ ಹೊರಡುತ್ತವೆ, ಮೂವರೂ ಒಂದೇ ವೇದಿಕೆಯಲ್ಲಿ ಕುಳಿತಿರುತ್ತಾರೆ. ಬಾಯಿ ಅಭ್ಯಾಸಬಲದಿಂದ ಜಾರುವುದು ಇಲ್ಲಿಯೇ. ಆದ್ದರಿಂದ ಈ ಮೂರನ್ನು ನನ್ನ ಚೀಟಿಯಲ್ಲಿ ಸಂಕ್ಷೇಪಿಸುವುದೇ ಇಲ್ಲ. ಪೂರ್ಣವಾಗಿ, ದೊಡ್ಡ ಅಕ್ಷರದಲ್ಲಿ, ಒಂದೊಂದನ್ನೂ ಬೇರೆ ಸಾಲಿನಲ್ಲಿ ಬರೆಯುತ್ತೇನೆ. ಹಾಗೆಯೇ ಬಿಷಪರಿಗೆ ‘ಅತಿ ವಂದನೀಯ’, ಧರ್ಮಗುರುಗಳಿಗೆ ‘ವಂದನೀಯ’; ಅ| ವಂ| ಎಂಬುದನ್ನು ಅಕ್ಷರಶಃ ಓದಿದರೆ ಅದು ಯಾರ ಗೌರವವೂ ಅಲ್ಲ. ವೇ| ಮೂ| ಎಂದರೆ ವೇದಮೂರ್ತಿ, ಬ್ರ| ಶ್ರೀ| ಎಂದರೆ ಬ್ರಹ್ಮಶ್ರೀ, ಇದು ತಂತ್ರಿಗಳ, ಪುರೋಹಿತರ ಹೆಸರಿನೊಂದಿಗೆ ಬರುತ್ತದೆ.

ಈಗ ಒಂದು ಪ್ರಸಂಗವನ್ನೇ ಪೂರ್ಣವಾಗಿ ನೋಡೋಣ. ಈಚೆಗೆ ಉಡುಪಿ ಸಮೀಪದ ಊರೊಂದರಲ್ಲಿ ಯಕ್ಷಗಾನ ಕಲಾವಿದರೊಬ್ಬರ ಅಭಿನಂದನಾ ಸಭೆ ಇತ್ತು. ಮುಖ್ಯ ಅತಿಥಿಗಳು ನಿವೃತ್ತ ಪ್ರಾಂಶುಪಾಲರು, ತಾಳಮದ್ದಳೆಯ ಅರ್ಥಧಾರಿಗಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಹೆಸರಿನ ಅಂಗಗಳನ್ನು ಮಾತ್ರ ಹೇಳುತ್ತೇನೆ: ಊರಿನ ಹೆಸರು, ಅದರ ಮೇಲೆ ಮನೆಯ ಹೆಸರು, ತಂದೆಯ ಹೆಸರಿನ ಮೊದಲಕ್ಷರ, ತಮ್ಮ ಹೆಸರು, ಕುಲನಾಮ. ಆಮಂತ್ರಣದಲ್ಲಿ ಇವಕ್ಕೆಲ್ಲ ಮೊದಲು ಒಂದು ಬಿರುದು, ಆಮೇಲೆ ‘ರೊ| ಪ್ರೊ| ಡಾ|’. ಹೆಸರಿನ ಬಳಿಕ ‘ಪಿಎಚ್‌ಎಫ್’. ಕೆಳಗಿನ ಸಾಲಿನಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪುರಸ್ಕೃತರು, ಅಕಾಡೆಮಿಯೊಂದರ ಅಧ್ಯಕ್ಷರು, ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಗೌರವಾಧ್ಯಕ್ಷರು. ಇದರ ಜತೆಗೆ ಸಂಘಟಕರು ಕಳುಹಿಸಿದ ಸ್ವಪರಿಚಯ ಹಲವು ಪುಟ.

ನಾನು ಅತಿಥಿಗಳಿಗೇ ಫೋನು ಮಾಡಿದೆ. ನಿರೂಪಕರು ಸಂಘಟಕರನ್ನು ಮಾತ್ರ ಕೇಳಿ ತೃಪ್ತರಾಗುವುದು ಸರಿಯಲ್ಲ. ಸಂಘಟಕರು ಹೆಸರನ್ನು ಓದಿ ಬಲ್ಲರು, ಹೆಸರಿನವರು ಅದನ್ನು ಬದುಕಿ ಬಲ್ಲರು.

‘ಸರ್, ನಾಡಿದ್ದಿನ ಸಭೆಯಲ್ಲಿ ನಿರೂಪಣೆ ನನ್ನದು. ತಮ್ಮ ಹೆಸರನ್ನು ವೇದಿಕೆಯಲ್ಲಿ ಹೇಗೆ ಹೇಳಬೇಕು ಎಂದು ತಮ್ಮ ಬಾಯಿಯಿಂದಲೇ ಕೇಳೋಣ ಎಂದು.’

ಅವರು ನಕ್ಕು, ತಮ್ಮ ಹೆಸರನ್ನು ಒಮ್ಮೆ ಹೇಳಿದರು. ನಾನು ಕೇಳಬೇಕಾಗಿದ್ದದ್ದೂ ಅದನ್ನೇ. ಹೇಳುವಾಗ ಅವರು ಮನೆಯ ಹೆಸರನ್ನು ಬಿಟ್ಟಿದ್ದರು, ಊರಿನ ಹೆಸರಿನ ಕೊನೆಯ ಉಕಾರವನ್ನು ತುಳುವಿನಂತೆ ಅರ್ಧಕ್ಕೇ ನಿಲ್ಲಿಸಿದ್ದರು. ಆ ಬಗ್ಗೆ ಕೇಳಿದೆ.

‘ಮನೆಯ ಹೆಸರು ಬೇಡ ಮಾರಾಯ್ರೆ, ಅಲ್ಲಿ ಈಗ ನಮ್ಮ ಅಣ್ಣ ಇರುವುದು. ಊರು ಇರಲಿ. ಆ ಬಿರುದು ಮುಂಬೈಯ ಸಂಘದವರು ಪ್ರೀತಿಯಿಂದ ಕೊಟ್ಟದ್ದು, ಅದನ್ನು ಹೆಸರಿಗೆ ಹಾಕಬೇಡಿ. ಅಕಾಡೆಮಿಯ ಅವಧಿ ಮುಗಿದಿದೆ, ನೋಡಿ.’

ಒಂದೇ ಮಾತುಕತೆಯಲ್ಲಿ ಮೂರು ತೊಡಕು ಬಿಡಿಸಿದಂತಾಯಿತು. ಅಕಾಡೆಮಿಯ ವಿಚಾರದಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು: ಅವರ ಬಳಿಕ ಬೇರೆಯವರು ಆ ಸ್ಥಾನಕ್ಕೆ ಬಂದಿದ್ದಾರೆಯೇ? ಬಂದಿದ್ದರೆ, ಅವರ ಬಳಿಕ ಒಬ್ಬರೇ ಬಂದಿದ್ದರೆ, ‘ನಿಕಟಪೂರ್ವ ಅಧ್ಯಕ್ಷರು’; ಆಮೇಲೆ ಮತ್ತೊಬ್ಬರೂ ಬಂದು ಹೋಗಿದ್ದರೆ ‘ಮಾಜಿ’ ಅಥವಾ ‘ಪೂರ್ವಾಧ್ಯಕ್ಷರು’. ಇಬ್ಬರು ಬಂದಿದ್ದರು. ಪೂರ್ವಾಧ್ಯಕ್ಷರು ಎಂದು ಬರೆದುಕೊಂಡೆ.

ರೊಟೇರಿಯನ್ ಎಂಬುದನ್ನೂ ಪಾಲ್ ಹ್ಯಾರಿಸ್ ಫೆಲೋ ಎಂಬುದನ್ನೂ ಕೈಬಿಟ್ಟೆ. ಇವು ಸಣ್ಣವೆಂದಲ್ಲ. ರೋಟರಿಯ ಪದಗ್ರಹಣ ಸಮಾರಂಭದಲ್ಲಿ ಇವನ್ನೇ ಮೊದಲು ಹೇಳಬೇಕು, ಅಲ್ಲಿ ಪ್ರಾಂಶುಪಾಲರೆಂಬುದು ಎರಡನೆಯ ಸಾಲಿಗೆ ಹೋಗುತ್ತದೆ. ಯಕ್ಷಗಾನದ ಸಭೆಯಲ್ಲಿ ಅವು ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಲಯನ್, ಜೇಸಿ, ಎಂಜೆಎಫ್ ಮುಂತಾದವುಗಳಿಗೂ ಈ ಮಾತು ಸಲ್ಲುತ್ತದೆ. ಜೀರ್ಣೋದ್ಧಾರ ಸಮಿತಿಯನ್ನು ಬಿಡಬೇಕೇ ಎಂದು ಸ್ವಲ್ಪ ಯೋಚಿಸಬೇಕಾಯಿತು, ಏಕೆಂದರೆ ಸಭೆ ನಡೆಯುತ್ತಿದ್ದದ್ದು ಅದೇ ದೇವಸ್ಥಾನದ ಅಂಗಣದಲ್ಲಿ. ಉಳಿಸಿಕೊಂಡೆ. ಪ್ರೊ. ಮತ್ತು ಡಾ. ಎರಡೂ ಸಕ್ರಮವೇ, ಒಂದು ಹುದ್ದೆಯದ್ದು, ಇನ್ನೊಂದು ಪದವಿಯದ್ದು. ಆದರೆ ಎರಡನ್ನೂ ಒತ್ತಟ್ಟಿಗೆ ಹೇಳಿದರೆ ಕಿವಿಗೆ ಒರಟು. ಪ್ರಾಧ್ಯಾಪಕರೆಂಬುದು ವಾಕ್ಯದಲ್ಲಿ ಹೇಗೂ ಬರುತ್ತದೆಯಾದ್ದರಿಂದ ಹೆಸರಿಗೆ ಡಾ. ಒಂದನ್ನೇ ಉಳಿಸಿದೆ. ‘ಶ್ರೀ ಡಾ.’ ಎಂಬ ಜೋಡಣೆ ನಮ್ಮಲ್ಲಿ ಸಾಮಾನ್ಯ, ಅದು ಬೇಡ.

ಕೊನೆಗೆ ಚೀಟಿಯಲ್ಲಿ ಉಳಿದದ್ದು ಇಷ್ಟು:

‘ಇಂದಿನ ಮುಖ್ಯ ಅತಿಥಿಗಳು ತಾಳಮದ್ದಳೆಯ ಕೂಟಗಳಲ್ಲಿ ಕರ್ಣನಾಗಿ, ವಾಲಿಯಾಗಿ, ಮಾಗಧನಾಗಿ ನಮ್ಮೆಲ್ಲರಿಗೂ ಪರಿಚಿತರು. ಕನ್ನಡ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದವರು. ಅರ್ಥಗಾರಿಕೆಯನ್ನು ಕುರಿತ ಸಂಶೋಧನೆಗಾಗಿ ಮಂಗಳೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿ ಪಡೆದವರು. ಅಕಾಡೆಮಿಯ ಪೂರ್ವಾಧ್ಯಕ್ಷರು. ಕರ್ನಾಟಕ ಸರಕಾರದ ರಾಜ್ಯೋತ್ಸವ ಪ್ರಶಸ್ತಿಗೆ ಪಾತ್ರರಾದವರು. ಈ ಕ್ಷೇತ್ರದ ಜೀರ್ಣೋದ್ಧಾರ ಸಮಿತಿಯ ಗೌರವಾಧ್ಯಕ್ಷರಾಗಿ ನಮ್ಮವರೇ ಆಗಿರುವವರು. ಡಾ. …’

ಹೆಸರು ಬರುವುದು ಇಲ್ಲಿ, ಕೊನೆಗೆ, ಒಂದೇ ಸಲ, ಪೂರ್ಣವಾಗಿ. ಕನ್ನಡದ ವಾಕ್ಯ ಇದಕ್ಕೆ ಅನುಕೂಲವೂ ಹೌದು, ಅಪಾಯವೂ ಹೌದು. ‘ಸೇವೆ ಸಲ್ಲಿಸಿದ, ಪದವಿ ಪಡೆದ, ಪಾತ್ರರಾದ, ಗೌರವಾಧ್ಯಕ್ಷರಾಗಿರುವ’ ಎಂದು ಎಲ್ಲವನ್ನೂ ಹೆಸರಿನ ಹಿಂದೆ ಒಂದೇ ಸರಪಣಿಯಾಗಿ ಕಟ್ಟಲು ವ್ಯಾಕರಣ ಬಿಡುತ್ತದೆ. ಕಟ್ಟಿದರೆ ಮೂರನೆಯ ಕೊಂಡಿಯಲ್ಲಿ ಉಸಿರು ಮುಗಿಯುತ್ತದೆ, ಕೇಳುವವರಿಗೆ ಯಾರ ವಿಚಾರ ಎಂಬುದು ಮರೆತುಹೋಗುತ್ತದೆ, ಕಟ್ಟಕಡೆಗೆ ಬರುವ ಹೆಸರು ಸೋತ ಧ್ವನಿಯಲ್ಲಿ ಬರುತ್ತದೆ. ಆದ್ದರಿಂದ ‘-ವರು’ ಎಂದು ನಿಲ್ಲುವ ತುಂಡು ವಾಕ್ಯಗಳು. ಪ್ರತಿ ತುಂಡಿನ ಕೊನೆಗೂ ಉಸಿರು ತೆಗೆದುಕೊಳ್ಳಬಹುದು. ಹೆಸರಿಗೆ ಮೊದಲು ಪೂರ್ಣ ಉಸಿರು ತೆಗೆದುಕೊಂಡರೆ ಎಷ್ಟು ಉದ್ದದ ಹೆಸರಾದರೂ ಕೊನೆಯ ಅಕ್ಷರದವರೆಗೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನನ್ನ ಓದಿನ ವೇಗದಲ್ಲಿ ಮೇಲಿನ ಪರಿಚಯ ಒಂದು ನಿಮಿಷದೊಳಗೆ ಮುಗಿಯುತ್ತದೆ; ಎರಡು ನಿಮಿಷ ದಾಟಿದ ಪರಿಚಯವನ್ನು ಅತಿಥಿಗಳ ಹೊರತು ಬೇರೆ ಯಾರೂ ಕೇಳುವುದಿಲ್ಲ, ಎಷ್ಟೋ ವೇಳೆ ಅವರೂ ಪಕ್ಕದವರೊಡನೆ ಮಾತಿಗೆ ತೊಡಗಿರುತ್ತಾರೆ.

ಹೆಸರಿಗೆ ವಿಭಕ್ತಿಯನ್ನು ಹಚ್ಚುವುದಿಲ್ಲ. ಹೆಸರು ಹೇಗಿದೆಯೋ ಹಾಗೆ ನಿಲ್ಲಿಸಿ, ‘ಅವರನ್ನು’ ಅಥವಾ ನಮ್ಮ ಕರಾವಳಿಯ ರೂಢಿಯಂತೆ ‘ಇವರನ್ನು’ ಎಂಬುದಕ್ಕೆ ಪ್ರತ್ಯಯವನ್ನು ಹೊರಿಸಬೇಕು. ಸಂಧಿಯಾಗಿ ಕುಲನಾಮದ ಕೊನೆಯಕ್ಷರ ಕರಗಿಹೋದರೆ ಅಷ್ಟು ಜಾಗರೂಕತೆಯಿಂದ ಉಳಿಸಿದ ಉಚ್ಚಾರ ಅಲ್ಲಿಯೇ ಕೆಡುತ್ತದೆ.

ಇಷ್ಟೆಲ್ಲ ಮಾಡಿದರೂ ವೇದಿಕೆಯಲ್ಲಿ ನಾಲಗೆ ತಡವರಿಸಿದರೆ ಏನು ಮಾಡಬೇಕು ಎಂದು ಕಿರಿಯ ನಿರೂಪಕರು ಕೇಳುತ್ತಾರೆ. ತಪ್ಪಿದ ಅಕ್ಷರವನ್ನು ಮಾತ್ರ ತಿದ್ದಬಾರದು. ಊರಿನ ಹೆಸರಿನಿಂದ ಆರಂಭಿಸಿ ಇಡೀ ಹೆಸರನ್ನು ನಿಧಾನವಾಗಿ ಮತ್ತೊಮ್ಮೆ ಹೇಳಬೇಕು. ಹಾಗೆ ಹೇಳಿದಾಗ ಅದು ಒತ್ತು ಕೊಟ್ಟು ಪುನರುಚ್ಚರಿಸಿದಂತೆ ಕೇಳಿಸುತ್ತದೆ. ದೀರ್ಘವಾದ ಕ್ಷಮಾಯಾಚನೆ ಬೇಡ, ಅದರಿಂದ ಗಮನಿಸದಿದ್ದವರೂ ಗಮನಿಸುತ್ತಾರೆ. ಉಪಾಧಿಯೊಂದು ಬಿಟ್ಟುಹೋಗಿದ್ದರೆ ಅದನ್ನು ಅಲ್ಲಿಯೇ ತುರುಕಬಾರದು; ಅತಿಥಿಗಳನ್ನು ಭಾಷಣಕ್ಕೆ ಆಹ್ವಾನಿಸುವ ಹೊತ್ತಿಗೆ ಹೊಸ ವಾಕ್ಯದಲ್ಲಿ ಸೇರಿಸಲು ಅವಕಾಶ ಸಿಕ್ಕೇ ಸಿಗುತ್ತದೆ.

ನಿರೂಪಕ ಸರಿಯಾಗಿ ಹೇಳಿದ ಹೆಸರು ಸಭೆಯಲ್ಲಿ ಇನ್ನೂ ನಾಲ್ಕು ಬಾಯಿಗಳನ್ನು ದಾಟಬೇಕು. ಸ್ವಾಗತ ಮಾಡುವವರು, ಸನ್ಮಾನ ಪತ್ರ ವಾಚಿಸುವವರು, ಅಧ್ಯಕ್ಷೀಯ ಮಾತನಾಡುವವರು, ಧನ್ಯವಾದ ಸಲ್ಲಿಸುವವರು. ಆಮಂತ್ರಣವನ್ನೇ ಹಿಡಿದು ಬಂದಿರುವ ಅವರು ಕೈಬಿಟ್ಟ ಬಿರುದನ್ನೂ ಮುಗಿದ ಅಧ್ಯಕ್ಷತೆಯನ್ನೂ ಮತ್ತೆ ಎತ್ತಿ ತರುತ್ತಾರೆ. ಹಾಗಾಗಿ ಅತಿಥಿಗಳ ಹೆಸರು ಮತ್ತು ಸ್ಥಾನ ಇರುವ ಸಾಲುಗಳನ್ನು ಮಾತ್ರ ಬೇರೆ ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದು, ಪ್ರಾರ್ಥನೆಗೆ ಮೊದಲೇ ಅವರ ಕೈಗೆ ಕೊಡುತ್ತೇನೆ. ಸಭೆ ಮುಗಿದ ಮೇಲೆ ವರದಿ ಕಳುಹಿಸುವ ಹುಡುಗ ಕೇಳಿಕೊಂಡು ಬಂದರೆ ಅದೇ ಕಾಗದದ ಫೋಟೊ ತೆಗೆದುಕೊಂಡು ಹೋಗುತ್ತಾನೆ.